ಉಲ್ಲೇಖದ ಒಂದು ಸಾಲು: ಅದರ ಭಾಗಗಳು ಮತ್ತು ಅಪೂರ್ಣ ನಮೂದನ್ನು ಗುರುತಿಸುವ ಬಗೆ

ಬೋಧನಾಭ್ಯಾಸದ ಪ್ರತಿ ಪಾಠಯೋಜನೆಯ ಕೊನೆಗೆ ‘ಪರಾಮರ್ಶನ ಗ್ರಂಥಗಳು’ ಎಂಬ ಅಂಕಣವಿರುತ್ತದೆ. ಉದ್ದೇಶಗಳು, ಬೋಧನಾಂಶ, ಚಟುವಟಿಕೆ, ಮೌಲ್ಯಮಾಪನ ಎಲ್ಲವನ್ನೂ ಬರೆದು ಮುಗಿಸಿದ ಮೇಲೆ ನಾವು ಪ್ರಶಿಕ್ಷಣಾರ್ಥಿಗಳು ಆ ಅಂಕಣವನ್ನು ಎರಡು ನಿಮಿಷದಲ್ಲಿ ತುಂಬುತ್ತೇವೆ. ‘10ನೇ ತರಗತಿ ವಿಜ್ಞಾನ ಪಠ್ಯಪುಸ್ತಕ’, ‘ಬ್ಲೂಮ್ – ಟ್ಯಾಕ್ಸಾನಮಿ’, ‘ಕಿಟ್ಟೆಲ್ ನಿಘಂಟು’ ಎಂಬಂಥ ಸಾಲುಗಳು ಅಲ್ಲಿ ಸಾಮಾನ್ಯ. ಇವು ತಪ್ಪು ಎನ್ನುವಂತಿಲ್ಲ. ಆದರೆ ಮಾರ್ಗದರ್ಶಕರು ಆ ಸಾಲನ್ನು ಹಿಡಿದು ಗ್ರಂಥಾಲಯಕ್ಕೆ ಹೋದರೆ ಯಾವ ಪುಸ್ತಕವನ್ನು ಕಪಾಟಿನಿಂದ ತೆಗೆಯಬೇಕು ಎಂಬುದು ತಿಳಿಯುವುದಿಲ್ಲ.

ಉಲ್ಲೇಖ ನಮೂದಿನ ಕೆಲಸ ಒಂದೇ: ಬರೆದವರು ನೋಡಿದ ಅದೇ ಪುಸ್ತಕಕ್ಕೆ, ಅದೇ ಪುಟಕ್ಕೆ ಓದುವವರನ್ನು ತಲುಪಿಸುವುದು. ಹೀಗಾಗಿ ನಮೂದು ಪೂರ್ಣವೋ ಅಪೂರ್ಣವೋ ಎಂದು ನೋಡಲು ಒಂದು ಪ್ರಶ್ನೆ ಸಾಕು. ಈ ಸಾಲು ಎರಡು ಬೇರೆ ಬೇರೆ ವಸ್ತುಗಳನ್ನು ತೋರಿಸಬಹುದೇ? ತೋರಿಸಬಹುದಾದರೆ ಅದರಲ್ಲಿ ಏನೋ ಬಿಟ್ಟುಹೋಗಿದೆ. ಏನು ಬಿಟ್ಟುಹೋಗಿದೆ ಎಂಬುದನ್ನು ಹುಡುಕಲು ನಮೂದಿನ ಭಾಗಗಳನ್ನು ತಿಳಿದಿರಬೇಕು. ಈ ಲೇಖನದಲ್ಲಿ ಮೊದಲು ಆ ಭಾಗಗಳನ್ನು ನೋಡಿ, ನಂತರ ನಮ್ಮ ಪಾಠಯೋಜನೆಗಳಲ್ಲಿ ಪದೇ ಪದೇ ಬರುವ ನಮೂದುಗಳನ್ನು ಪರೀಕ್ಷಿಸಿದ್ದೇನೆ. ಕೊನೆಗೆ ಇದನ್ನೇ ಪ್ರೌಢಶಾಲೆಯ ಮಕ್ಕಳಿಗೆ ಒಂದು ಅವಧಿಯಲ್ಲಿ ಹೇಳಿಕೊಡುವ ಕ್ರಮವಿದೆ.

ನಾಲ್ಕು ಪ್ರಶ್ನೆಗಳು, ನಾಲ್ಕು ಭಾಗಗಳು

ನಮ್ಮ ಅವಳಿ ನಗರದ್ದೇ ಒಂದು ಪುಸ್ತಕದಿಂದ ಆರಂಭಿಸೋಣ.

ಕಾರ್ನಾಡ, ಗಿರೀಶ. (1964). ತುಘಲಕ್. ಧಾರವಾಡ: ಮನೋಹರ ಗ್ರಂಥಮಾಲಾ.

ಈ ಸಾಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಯಾರು? ಗಿರೀಶ ಕಾರ್ನಾಡ. ಯಾವಾಗ? 1964. ಏನು? ತುಘಲಕ್. ಎಲ್ಲಿಂದ ಬಂದದ್ದು? ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಇದೇ ನಾಟಕವನ್ನು ಕಾರ್ನಾಡರೇ ಇಂಗ್ಲಿಷಿಗೆ ತಂದರು. ಅದು 1972ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ ಪ್ರಕಟವಾಯಿತು. ಹೆಸರು ಎರಡಕ್ಕೂ ತುಘಲಕ್ ಎಂದೇ. ಆದ್ದರಿಂದ ‘ಕಾರ್ನಾಡ, ತುಘಲಕ್, ಪುಟ 20’ ಎಂದಷ್ಟೇ ಬರೆದರೆ ಎರಡು ಭಾಷೆಯ ಎರಡು ಪುಸ್ತಕಗಳ ಪೈಕಿ ಯಾವುದು ಎಂಬ ಸಂಶಯ ಉಳಿಯುತ್ತದೆ. ವರ್ಷ ಮತ್ತು ಪ್ರಕಾಶಕರ ಹೆಸರು ಆ ಸಂಶಯವನ್ನು ಕಳೆಯುತ್ತವೆ. ನಮೂದಿನ ಪ್ರತಿ ಭಾಗವೂ ಹೀಗೆ ಯಾವುದೋ ಒಂದು ಗೊಂದಲವನ್ನು ತಪ್ಪಿಸಲು ಇರುತ್ತದೆ.

ಈ ಭಾಗಗಳ ಕ್ರಮ ಶೈಲಿಯಿಂದ ಶೈಲಿಗೆ ಬದಲಾಗುತ್ತದೆ. ಕೆಲವರು ವರ್ಷವನ್ನು ಹೆಸರಿನ ಪಕ್ಕ ಆವರಣದಲ್ಲಿ ಇಡುತ್ತಾರೆ, ಕೆಲವರು ಕೊನೆಗೆ ಬರೆಯುತ್ತಾರೆ. ಶಿಕ್ಷಣಶಾಸ್ತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಎಪಿಎ ಶೈಲಿಯು ತನ್ನ ಏಳನೇ ಆವೃತ್ತಿಯಲ್ಲಿ ಪ್ರಕಾಶನ ಸ್ಥಳವನ್ನು ಕೈಬಿಟ್ಟಿದೆ. ಆ ಶೈಲಿಯಲ್ಲಿ ‘ಧಾರವಾಡ’ ಇಲ್ಲದಿದ್ದರೂ ಮೇಲಿನ ನಮೂದು ಪೂರ್ಣವೇ. ಕನ್ನಡ ಸಂಶೋಧನ ಗ್ರಂಥಗಳಲ್ಲಿ ಸ್ಥಳವನ್ನು ಬರೆಯುವ ರೂಢಿ ಇನ್ನೂ ಇದೆ. ಹೀಗಾಗಿ ಅಲ್ಪವಿರಾಮ ಎಲ್ಲಿದೆ, ಆವರಣ ಎಲ್ಲಿದೆ ಎಂದು ನೋಡುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರವಿದೆಯೇ ಎಂದು ನೋಡಬೇಕು. ಕ್ರಮ ತಪ್ಪಿದ ನಮೂದಿನಿಂದಲೂ ಪುಸ್ತಕ ಸಿಗುತ್ತದೆ. ಭಾಗವೇ ಬಿಟ್ಟುಹೋದ ನಮೂದಿನಿಂದ ಸಿಗದೇ ಹೋಗಬಹುದು.

ಶೀರ್ಷಿಕೆಗಳನ್ನು ಎಣಿಸಿ

ಪುಸ್ತಕದ ನಮೂದಿನಲ್ಲಿ ಒಂದೇ ಶೀರ್ಷಿಕೆ ಇರುತ್ತದೆ. ನಿಯತಕಾಲಿಕದ ಲೇಖನಕ್ಕೆ ಎರಡು ಶೀರ್ಷಿಕೆಗಳು ಬೇಕು. ಒಂದು ಲೇಖನದ್ದು, ಇನ್ನೊಂದು ಆ ಲೇಖನವನ್ನು ಹೊತ್ತ ಪತ್ರಿಕೆಯದು. ಸಂಪಾದಿತ ಗ್ರಂಥದೊಳಗಿನ ಅಧ್ಯಾಯಕ್ಕೂ ಹೀಗೆಯೇ. ಉದಾಹರಣೆಗೆ:

ಕ್ರಾಥ್‌ವೋಲ್, ಡಿ. ಆರ್. (2002). ಎ ರಿವಿಷನ್ ಆಫ್ ಬ್ಲೂಮ್ಸ್ ಟ್ಯಾಕ್ಸಾನಮಿ: ಆನ್ ಓವರ್‌ವ್ಯೂ. ಥಿಯರಿ ಇಂಟು ಪ್ರಾಕ್ಟೀಸ್, 41(4), 212–218.

ಇಲ್ಲಿ ಮೊದಲನೆಯದು ಲೇಖನದ ಹೆಸರು, ಎರಡನೆಯದು ಪತ್ರಿಕೆಯ ಹೆಸರು. 41 ಎಂಬುದು ಸಂಪುಟ, ಅಂದರೆ ಸಾಮಾನ್ಯವಾಗಿ ಪತ್ರಿಕೆಯ ಒಂದು ವರ್ಷದ ಸಂಚಿಕೆಗಳ ಗುಂಪು. ಆವರಣದಲ್ಲಿರುವ 4 ಎಂಬುದು ಆ ಸಂಪುಟದ ನಾಲ್ಕನೇ ಸಂಚಿಕೆ. ಕೊನೆಯದು ಲೇಖನದ ಮೊದಲ ಪುಟದಿಂದ ಕೊನೆಯ ಪುಟದವರೆಗಿನ ವ್ಯಾಪ್ತಿ. ಪ್ರಕಾಶಕರ ಹೆಸರಿಲ್ಲ, ಬೇಕಾಗಿಯೂ ಇಲ್ಲ. ಪುಸ್ತಕಕ್ಕೆ ಪ್ರಕಾಶಕರು ಮಾಡುವ ಕೆಲಸವನ್ನು ಇಲ್ಲಿ ಪತ್ರಿಕೆಯ ಹೆಸರು, ಸಂಪುಟ ಮತ್ತು ಸಂಚಿಕೆ ಮಾಡುತ್ತವೆ.

ಇದರಿಂದ ಹೊಸಬರಿಗೆ ಉಪಯೋಗವಾಗುವ ಒಂದು ಸರಳ ಪರೀಕ್ಷೆ ಸಿಗುತ್ತದೆ. ನಮೂದಿನಲ್ಲಿರುವ ಶೀರ್ಷಿಕೆಗಳನ್ನು ಎಣಿಸಬೇಕು. ಒಂದೇ ಶೀರ್ಷಿಕೆಯಿದ್ದು ಪ್ರಕಾಶಕರ ಹೆಸರಿಲ್ಲದಿದ್ದರೆ ಅದು ಅಪೂರ್ಣ. ಎರಡು ಶೀರ್ಷಿಕೆಗಳಿದ್ದು ಪುಟವ್ಯಾಪ್ತಿ ಇಲ್ಲದಿದ್ದರೆ ಅದೂ ಬಹುಮಟ್ಟಿಗೆ ಅಪೂರ್ಣ. ಒಂದೇ ಶೀರ್ಷಿಕೆಯ ಪಕ್ಕದಲ್ಲಿ 41(4) ಎಂಬಂಥ ಅಂಕಿ ಕಂಡರೆ ಇನ್ನೊಂದು ಶೀರ್ಷಿಕೆ ಬಿಟ್ಟುಹೋಗಿದೆ ಎಂದೇ ತಿಳಿಯಬೇಕು, ಏಕೆಂದರೆ ಸಂಪುಟ–ಸಂಚಿಕೆಗಳು ಲೇಖನಕ್ಕಲ್ಲ, ಪತ್ರಿಕೆಗೆ ಸೇರಿದವು.

ಕೈಬರಹದ ದಾಖಲೆ ಪುಸ್ತಕದಲ್ಲಿ ಓರೆ ಅಕ್ಷರ ಬರೆಯಲಾಗದು, ಅದರ ಬದಲು ಅಡಿಗೆರೆ ಹಾಕುತ್ತೇವೆ. ಆ ಗೆರೆ ಪುಸ್ತಕದ ಅಥವಾ ಪತ್ರಿಕೆಯ ಹೆಸರಿನ ಕೆಳಗೆ ಬರಬೇಕು, ಲೇಖನದ ಹೆಸರಿನ ಕೆಳಗಲ್ಲ. ಗ್ರಂಥಾಲಯದ ಸೂಚಿಯಲ್ಲಿ ಮೊದಲು ಹುಡುಕಬೇಕಾದ ಹೆಸರು ಯಾವುದು ಎಂಬುದನ್ನು ಆ ಗೆರೆ ಹೇಳುತ್ತದೆ. ಪತ್ರಿಕೆ ಸಿಕ್ಕರೆ ಅದರೊಳಗೆ ಲೇಖನ ಸಿಗುತ್ತದೆ.

ಕನ್ನಡ ಹೆಸರುಗಳನ್ನು ಬರೆಯುವ ಬಗೆ

ಉಲ್ಲೇಖದ ಪಟ್ಟಿಯನ್ನು ಲೇಖಕರ ಹೆಸರಿನ ಅಕಾರಾದಿಯಲ್ಲಿ ಜೋಡಿಸುತ್ತೇವೆ. ಹಾಗಾಗಿ ಹೆಸರಿನ ಯಾವ ಭಾಗ ಮೊದಲು ಬರಬೇಕು ಎಂಬುದನ್ನು ನಿರ್ಧರಿಸಲೇಬೇಕು. ಇಂಗ್ಲಿಷ್ ಮಾರ್ಗದರ್ಶಿಗಳು ‘ಕೊನೆಯ ಹೆಸರನ್ನು ಮೊದಲು ಬರೆಯಿರಿ’ ಎನ್ನುತ್ತವೆ. ನಮ್ಮ ಕಡೆಯ ಹೆಸರುಗಳಿಗೆ ಇದು ಬಹುಮಟ್ಟಿಗೆ ಹೊಂದುತ್ತದೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಹೆಸರಿನ ಕೊನೆಗೇ ಬರುತ್ತದೆ. ದ. ರಾ. ಬೇಂದ್ರೆ ಅವರು ‘ಬೇಂದ್ರೆ, ದ. ರಾ.’ ಆಗುತ್ತಾರೆ, ಚೆನ್ನವೀರ ಕಣವಿ ಅವರು ‘ಕಣವಿ, ಚೆನ್ನವೀರ’ ಆಗುತ್ತಾರೆ.

ಹಳೆ ಮೈಸೂರಿನ ಕಡೆಯ ಹೆಸರುಗಳ ರಚನೆ ಬೇರೆ. ಜಿ. ಎಸ್. ಶಿವರುದ್ರಪ್ಪ ಎಂಬಲ್ಲಿ ಶಿವರುದ್ರಪ್ಪ ಎಂಬುದು ಅಡ್ಡಹೆಸರಲ್ಲ, ಅವರ ಸ್ವಂತ ಹೆಸರು. ಮುಂದಿನ ಅಕ್ಷರಗಳು ಗುಗ್ಗರಿ ಮತ್ತು ಶಾಂತವೀರಪ್ಪ ಎಂಬ ಹೆಸರುಗಳ ಸಂಕ್ಷೇಪ. ಇಲ್ಲಿಯೂ ನಮೂದು ‘ಶಿವರುದ್ರಪ್ಪ, ಜಿ. ಎಸ್.’ ಎಂದೇ ಆಗುತ್ತದೆ, ಆದರೆ ಕಾರಣ ಬೇರೆ: ಅವರನ್ನು ಗುರುತಿಸುವ ಪದ ಅದು. ಇನ್ನು ಕುವೆಂಪು ಎಂಬ ಕಾವ್ಯನಾಮವನ್ನು ಹಿಂದುಮುಂದು ಮಾಡುವ ಪ್ರಶ್ನೆಯೇ ಇಲ್ಲ. ಶೀರ್ಷಿಕೆ ಪುಟದಲ್ಲಿ ಕುವೆಂಪು ಎಂದಿದ್ದರೆ ನಮೂದಿನಲ್ಲೂ ಕುವೆಂಪು ಎಂದೇ ಇರಬೇಕು. ಕೆ. ವಿ. ಪುಟ್ಟಪ್ಪ ಎಂದು ಬದಲಿಸಿದರೆ ಪುಸ್ತಕ ಹುಡುಕುವವರು ಬೇರೆ ಅಕ್ಷರದ ಕಪಾಟಿಗೆ ಹೋಗಬಹುದು.

ಅಪೂರ್ಣತೆಯನ್ನು ಗುರುತಿಸುವ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದದ್ದು ಇನಿಷಿಯಲ್‌ಗಳನ್ನು. ‘ಪಾಟೀಲ’, ‘ಹಿರೇಮಠ’, ‘ಕುಲಕರ್ಣಿ’ ಎಂದಷ್ಟೇ ಬರೆದ ನಮೂದು ನಮ್ಮ ಜಿಲ್ಲೆಯಲ್ಲಿ ಯಾರನ್ನೂ ತೋರಿಸುವುದಿಲ್ಲ. ಒಂದು ತರಗತಿಯಲ್ಲೇ ಇಬ್ಬರು ಮೂವರು ಹಿರೇಮಠರು ಇರುತ್ತಾರೆ. ಅಡ್ಡಹೆಸರು ಎಷ್ಟು ಸಾಮಾನ್ಯವೋ ಇನಿಷಿಯಲ್ ಅಷ್ಟು ಅಗತ್ಯ.

‘ಬ್ಲೂಮ್ – ಟ್ಯಾಕ್ಸಾನಮಿ’: ಒಂದು ನಮೂದಿನ ಪರೀಕ್ಷೆ

ಬಿ.ಎಡ್. ದಾಖಲೆಗಳಲ್ಲಿ ಹೆಚ್ಚು ಸಲ ಕಾಣುವ ನಮೂದು ಬಹುಶಃ ಇದೇ. ಸ್ವಲ್ಪ ವಿಸ್ತಾರವಾಗಿ ಬರೆದವರು ಹೀಗೆ ಬರೆಯುತ್ತಾರೆ:

ಬ್ಲೂಮ್, ಬಿ. ಎಸ್., ಟ್ಯಾಕ್ಸಾನಮಿ, ನ್ಯೂಯಾರ್ಕ್.

ನಾಲ್ಕು ಪ್ರಶ್ನೆಗಳನ್ನು ಒಂದೊಂದಾಗಿ ಹಾಕೋಣ. ‘ಏನು’ ಎಂಬುದಕ್ಕೆ ‘ಟ್ಯಾಕ್ಸಾನಮಿ’ ಎಂಬ ಒಂದೇ ಪದ ಇದೆ. ಅದು ಪೂರ್ಣ ಶೀರ್ಷಿಕೆಯಲ್ಲ, ಮತ್ತು ಆ ಪದ ಮೂರು ಬೇರೆ ಪುಸ್ತಕಗಳನ್ನು ತೋರಿಸುತ್ತದೆ. ಮೊದಲನೆಯದು 1956ರ ‘ಟ್ಯಾಕ್ಸಾನಮಿ ಆಫ್ ಎಜುಕೇಷನಲ್ ಆಬ್ಜೆಕ್ಟಿವ್ಸ್’ನ ಮೊದಲ ಕೈಪಿಡಿ. ಇದು ಜ್ಞಾನಾತ್ಮಕ ವಲಯದ ಬಗ್ಗೆ. ಬ್ಲೂಮ್ ಇದರ ಸಂಪಾದಕರು, ಅವರ ಜೊತೆ ಎಂಗಲ್‌ಹಾರ್ಟ್, ಫರ್ಸ್ಟ್, ಹಿಲ್ ಮತ್ತು ಕ್ರಾಥ್‌ವೋಲ್ ಎಂಬ ನಾಲ್ವರು ಸೇರಿ ಬರೆದರು. ಎರಡನೆಯದು 1964ರಲ್ಲಿ ಬಂದ ಎರಡನೇ ಕೈಪಿಡಿ, ಭಾವನಾತ್ಮಕ ವಲಯದ ಬಗ್ಗೆ. ಅದರ ಮೊದಲ ಲೇಖಕ ಕ್ರಾಥ್‌ವೋಲ್. ಬ್ಲೂಮ್ ಎರಡನೆಯವರು, ಮಾಸಿಯಾ ಮೂರನೆಯವರು. ಮೂರನೆಯದು 2001ರ ಪರಿಷ್ಕೃತ ಗ್ರಂಥ ‘ಎ ಟ್ಯಾಕ್ಸಾನಮಿ ಫಾರ್ ಲರ್ನಿಂಗ್, ಟೀಚಿಂಗ್, ಅಂಡ್ ಅಸೆಸಿಂಗ್’. ಇದರ ಸಂಪಾದಕರು ಆಂಡರ್‌ಸನ್ ಮತ್ತು ಕ್ರಾಥ್‌ವೋಲ್. ಬ್ಲೂಮ್ ಅವರು 1999ರಲ್ಲೇ ತೀರಿಕೊಂಡಿದ್ದರು. ಮೂರೂ ನ್ಯೂಯಾರ್ಕಿನಲ್ಲೇ ಪ್ರಕಟವಾದವು. ಆದ್ದರಿಂದ ‘ನ್ಯೂಯಾರ್ಕ್’ ಎಂಬುದೂ ಇಲ್ಲಿ ಸಹಾಯ ಮಾಡುವುದಿಲ್ಲ.

‘ಯಾವಾಗ’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಒಂದು ವರ್ಷ ಇದ್ದಿದ್ದರೆ ಸಾಕಿತ್ತು, ಮೂರರಲ್ಲಿ ಯಾವುದು ಎಂದು ತಿಳಿಯುತ್ತಿತ್ತು.

ಇದು ಕೇವಲ ಗ್ರಂಥಾಲಯದ ತೊಂದರೆಯಲ್ಲ, ಪಾಠಯೋಜನೆಯ ಒಳಗೇ ವ್ಯತ್ಯಾಸ ಮಾಡುತ್ತದೆ. 1956ರ ಕೈಪಿಡಿಯ ಆರು ಹಂತಗಳು ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ. 2001ರ ಗ್ರಂಥದಲ್ಲಿ ಹಂತಗಳು ಕ್ರಿಯಾಪದಗಳಾದವು: ಸ್ಮರಿಸು, ಅರ್ಥೈಸು, ಅನ್ವಯಿಸು, ವಿಶ್ಲೇಷಿಸು, ಮೌಲ್ಯೀಕರಿಸು, ಸೃಜಿಸು. ಮೇಲಿನ ಎರಡು ಹಂತಗಳ ಸ್ಥಾನವೂ ಬದಲಾಯಿತು. ಹಳೆಯದರಲ್ಲಿ ತುದಿಯಲ್ಲಿದ್ದ ಮೌಲ್ಯಮಾಪನ ಹೊಸದರಲ್ಲಿ ಐದನೆಯದಾಯಿತು. ಸಂಶ್ಲೇಷಣೆಯ ಜಾಗವನ್ನು ಹೊತ್ತ ‘ಸೃಜಿಸು’ ತುದಿಗೆ ಏರಿತು.

ಈಗ ಒಂದು ಘಟಕ ಪರೀಕ್ಷೆಯ ನೀಲನಕ್ಷೆಯನ್ನು ಊಹಿಸಿಕೊಳ್ಳಿ. ‘ಕೊಟ್ಟಿರುವ ಎರಡು ನೀರು ಶುದ್ಧೀಕರಣ ವಿಧಾನಗಳಲ್ಲಿ ನಿಮ್ಮ ಓಣಿಗೆ ಯಾವುದು ಸೂಕ್ತ, ಕಾರಣ ಕೊಡಿ’ ಎಂಬ ಪ್ರಶ್ನೆ ಇದೆ. ಇದು ನಿರ್ಣಯ ಕೇಳುವ ಪ್ರಶ್ನೆ. 1956ರ ಪ್ರಕಾರ ಇದು ಅತ್ಯುನ್ನತ ಹಂತ. 2001ರ ಪ್ರಕಾರ ಇದರ ಮೇಲೆ ಇನ್ನೂ ಒಂದು ಹಂತ ಇದೆ. ಅತ್ಯುನ್ನತ ಹಂತಕ್ಕೆ ಇಷ್ಟು ಅಂಕ ಎಂದು ನೀಲನಕ್ಷೆ ಹೇಳಿದ್ದರೆ ಈ ಪ್ರಶ್ನೆ ಆ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ ಎಂಬುದು ಯಾವ ಗ್ರಂಥವನ್ನು ಅನುಸರಿಸಿದ್ದೇವೆ ಎಂಬುದರ ಮೇಲೆ ನಿಂತಿದೆ. ಉದ್ದೇಶಗಳ ಅಂಕಣದಲ್ಲಿ ‘ಸೃಜಿಸುವನು’ ಎಂದು ಬರೆದು, ಪರಾಮರ್ಶನದಲ್ಲಿ ‘ಬ್ಲೂಮ್, 1956’ ಎಂದು ಬರೆದ ಯೋಜನೆಯಲ್ಲಿ ನಮೂದು ಪೂರ್ಣವಾಗಿದ್ದರೂ ಅದು ತೋರಿಸುವ ಪುಸ್ತಕದಲ್ಲಿ ಆ ಹಂತವೇ ಇಲ್ಲ. ವರ್ಷವೇ ಇಲ್ಲದ ನಮೂದಿನಲ್ಲಿ ಇಂಥ ಹೊಂದಾಣಿಕೆ ಇದೆಯೋ ಇಲ್ಲವೋ ಎಂದು ಪರೀಕ್ಷಿಸಲೂ ಬರುವುದಿಲ್ಲ.

ಸರಿಪಡಿಸಿದ ನಮೂದು, ಪರಿಷ್ಕೃತ ಹಂತಗಳನ್ನು ಬಳಸಿದ ಯೋಜನೆಗೆ, ಹೀಗಿರುತ್ತದೆ:

ಆಂಡರ್‌ಸನ್, ಎಲ್. ಡಬ್ಲ್ಯು. ಮತ್ತು ಕ್ರಾಥ್‌ವೋಲ್, ಡಿ. ಆರ್. (ಸಂ.). (2001). ಎ ಟ್ಯಾಕ್ಸಾನಮಿ ಫಾರ್ ಲರ್ನಿಂಗ್, ಟೀಚಿಂಗ್, ಅಂಡ್ ಅಸೆಸಿಂಗ್: ಎ ರಿವಿಷನ್ ಆಫ್ ಬ್ಲೂಮ್ಸ್ ಟ್ಯಾಕ್ಸಾನಮಿ ಆಫ್ ಎಜುಕೇಷನಲ್ ಆಬ್ಜೆಕ್ಟಿವ್ಸ್. ನ್ಯೂಯಾರ್ಕ್: ಲಾಂಗ್‌ಮನ್.

ಇಲ್ಲಿ ‘ಸಂ.’ ಎಂಬ ಎರಡಕ್ಷರವನ್ನು ಬಿಡಬಾರದು. ಅದು ಇವರು ಸಂಪಾದಕರು ಎಂದು ಹೇಳುತ್ತದೆ. ಅನುವಾದವಾದರೆ ‘ಅನು.’ ಎಂದು ಅನುವಾದಕರ ಹೆಸರು ಬರಬೇಕು. ಒಂದು ವೇಳೆ ನಾವು ಈ ದೊಡ್ಡ ಗ್ರಂಥವನ್ನು ನೋಡಿಯೇ ಇಲ್ಲ, ಮೇಲೆ ಹೇಳಿದ ಕ್ರಾಥ್‌ವೋಲ್ ಅವರ ಏಳು ಪುಟಗಳ ಲೇಖನವನ್ನು ಮಾತ್ರ ಓದಿದ್ದೇವೆ ಎಂದಾದರೆ ಆ ಲೇಖನವನ್ನೇ ನಮೂದಿಸಬೇಕು. ನಾವು ಕೈಯಲ್ಲಿ ಹಿಡಿದದ್ದು ಯಾವುದೋ ಅದೇ ನಮ್ಮ ಆಕರ.

ಪಠ್ಯಪುಸ್ತಕ: ವರ್ಷವಿಲ್ಲದಿದ್ದರೆ ಪಾಠವೇ ಬದಲಾಗುತ್ತದೆ

‘ಪಠ್ಯಪುಸ್ತಕ ಎಲ್ಲರಿಗೂ ಗೊತ್ತಿರುವುದೇ, ವರ್ಷ ಯಾಕೆ’ ಎಂದು ಕೇಳುವವರಿದ್ದಾರೆ. ‘ಎನ್‌ಸಿಇಆರ್‌ಟಿ, ವಿಜ್ಞಾನ, 10ನೇ ತರಗತಿ, ಅಧ್ಯಾಯ 5’ ಎಂಬ ನಮೂದನ್ನು ನೋಡೋಣ. ಸಂಸ್ಥೆ ಇದೆ, ವಿಷಯ ಇದೆ, ಅಧ್ಯಾಯವೂ ಇದೆ. ಆದರೆ ಹಳೆಯ ಮುದ್ರಣಗಳಲ್ಲಿ ಐದನೇ ಅಧ್ಯಾಯ ಧಾತುಗಳ ಆವರ್ತನೀಯ ವರ್ಗೀಕರಣ. 2022ರಲ್ಲಿ ಪ್ರಕಟಿಸಿದ ಪಠ್ಯ ಕಡಿತದಲ್ಲಿ ಆ ಅಧ್ಯಾಯವನ್ನು ತೆಗೆಯಲಾಯಿತು, ಹದಿನಾರು ಅಧ್ಯಾಯಗಳು ಹದಿಮೂರಾದವು. ಕಡಿತದ ನಂತರದ ಪುಸ್ತಕದಲ್ಲಿ ಐದನೇ ಅಧ್ಯಾಯ ಜೀವಕ್ರಿಯೆಗಳು. ಒಂದೇ ಸಾಲು ಒಬ್ಬರನ್ನು ಮೆಂಡಲೀವರ ಕೋಷ್ಟಕಕ್ಕೂ ಇನ್ನೊಬ್ಬರನ್ನು ದ್ಯುತಿಸಂಶ್ಲೇಷಣೆಗೂ ಕರೆದೊಯ್ಯುತ್ತದೆ.

ರಾಜ್ಯದ ಪಠ್ಯಪುಸ್ತಕಗಳಿಗೂ ಈ ಮಾತು ಸಲ್ಲುತ್ತದೆ. ಬರಗೂರು ರಾಮಚಂದ್ರಪ್ಪ ಅವರ ಅಧ್ಯಕ್ಷತೆಯ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017ರಲ್ಲಿ ಬಂದವು. ರೋಹಿತ್ ಚಕ್ರತೀರ್ಥ ಅವರ ಅಧ್ಯಕ್ಷತೆಯ ಸಮಿತಿಯ ಪರಿಷ್ಕರಣೆ 2022ರಲ್ಲಿ ಬಂತು. 2023ರಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನದ ಕೆಲವು ಪಾಠಗಳು ಮತ್ತೆ ಬದಲಾದವು. ‘10ನೇ ತರಗತಿ ಕನ್ನಡ’ ಎಂದು ಬರೆದವರು ಯಾವ ವರ್ಷದ ಪುಸ್ತಕ ಎಂದು ಬರೆಯದಿದ್ದರೆ ಆ ಪಾಠ ಪುಸ್ತಕದಲ್ಲಿ ಇದೆಯೋ ಇಲ್ಲವೋ ಎಂಬುದೇ ಅನುಮಾನವಾಗುತ್ತದೆ.

ಸಾಮಾನ್ಯ ಪುಸ್ತಕಕ್ಕೆ ಆವೃತ್ತಿಯ ವರ್ಷ ಸಾಕು, ಮರುಮುದ್ರಣದ ವರ್ಷ ಬೇಕಿಲ್ಲ, ಏಕೆಂದರೆ ಮರುಮುದ್ರಣದಲ್ಲಿ ಒಳಗಿನ ವಿಷಯ ಬದಲಾಗುವುದಿಲ್ಲ. ಪಠ್ಯಪುಸ್ತಕ ಇದಕ್ಕೆ ಅಪವಾದ. ಅದರಲ್ಲಿ ಮರುಮುದ್ರಣ ಎಂಬ ಹೆಸರಿನಲ್ಲೇ ಪಾಠ ಸೇರುತ್ತದೆ, ಪಾಠ ಹೋಗುತ್ತದೆ. ಹೀಗಾಗಿ ಕೈಯಲ್ಲಿರುವ ಪ್ರತಿಯ ಮರುಮುದ್ರಣದ ವರ್ಷವನ್ನೇ ಬರೆದು, ಅಧ್ಯಾಯದ ಸಂಖ್ಯೆಯ ಜೊತೆಗೆ ಹೆಸರನ್ನೂ ಬರೆಯುವುದು ಒಳ್ಳೆಯದು.

ಈ ವರ್ಷ ಸಿಗುವುದು ಶೀರ್ಷಿಕೆ ಪುಟದ ಹಿಂಬದಿಯಲ್ಲಿ, ಮುದ್ರಣ ವಿವರಗಳ ಪುಟದಲ್ಲಿ. ಎನ್‌ಸಿಇಆರ್‌ಟಿ ಪ್ರಕಟಣೆಗಳಲ್ಲಿ ಅಲ್ಲಿ ಎರಡು ವರ್ಷಗಳು ಅಕ್ಕಪಕ್ಕ ಇರುತ್ತವೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು–2005ರ ಆ ಪುಟದಲ್ಲಿ ಡಿಸೆಂಬರ್ 2005 ಎಂಬುದರ ಜೊತೆಗೆ ಪೌಷ 1927 ಎಂದೂ ಇದೆ. 1927 ಎಂಬುದು ಶಕವರ್ಷ. ಅದಕ್ಕೆ 78 ಸೇರಿಸಿದರೆ 2005 ಬರುತ್ತದೆ (ಜನವರಿಯಿಂದ ಶಕವರ್ಷ ಮುಗಿಯುವ ಮಾರ್ಚ್‌ವರೆಗಿನ ದಿನಗಳಿಗೆ 79 ಸೇರಿಸಬೇಕು). ಅವಸರದಲ್ಲಿ 1927 ಎಂದು ಬರೆದರೆ ನಮೂದು ನೋಡಲು ಪೂರ್ಣವಾಗಿರುತ್ತದೆ, ಆದರೆ ಎನ್‌ಸಿಇಆರ್‌ಟಿ ಹುಟ್ಟುವ ಮೊದಲಿನ ವರ್ಷವನ್ನು ತೋರಿಸುತ್ತದೆ.

ನಿಘಂಟು: ಪುಟಸಂಖ್ಯೆ ಇದ್ದೂ ಅಪೂರ್ಣ

ಪುಟಸಂಖ್ಯೆ ಇದ್ದ ಕೂಡಲೇ ನಮೂದು ಪೂರ್ಣ ಎಂಬ ಭಾವನೆ ಬರುತ್ತದೆ. ‘ಕಿಟ್ಟೆಲ್, ನಿಘಂಟು, ಪುಟ 512’ ಎಂಬುದನ್ನು ನೋಡಿ. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ಬಾಸೆಲ್ ಮಿಷನ್ 1894ರಲ್ಲಿ ಮಂಗಳೂರಿನಿಂದ ಒಂದೇ ದೊಡ್ಡ ಸಂಪುಟವಾಗಿ ಪ್ರಕಟಿಸಿತು. ಮುಂದೆ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. ಅದನ್ನು ಮದ್ರಾಸು ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ 1968ರಿಂದ 1971ರವರೆಗೆ ಪ್ರಕಟಿಸಿತು. 1894ರ ಪುಸ್ತಕದ ಪುಟ 512ರಲ್ಲಿರುವ ಪದ ಮದ್ರಾಸು ಆವೃತ್ತಿಯ ಅದೇ ಸಂಖ್ಯೆಯ ಪುಟದಲ್ಲಿ ಇರುವುದಿಲ್ಲ. ಪುಟಸಂಖ್ಯೆಗೆ ಅರ್ಥ ಬರುವುದು ಆವೃತ್ತಿ ಮತ್ತು ಸಂಪುಟ ತಿಳಿದಾಗ ಮಾತ್ರ.

ನಿಘಂಟಿಗೆ ಇನ್ನೂ ಸುಲಭವಾದ ದಾರಿ ಇದೆ. ಪುಟದ ಬದಲು ನೋಡಿದ ಪದವನ್ನೇ ಬರೆಯಬಹುದು: ‘ಕಿಟ್ಟೆಲ್, ಎಫ್. (1894), “ಆಗಸ” ಪದದ ಅಡಿಯಲ್ಲಿ’ ಎಂಬ ಹಾಗೆ. ಪದಗಳು ಅಕಾರಾದಿಯಲ್ಲಿರುವುದರಿಂದ ಯಾವ ಆವೃತ್ತಿಯಲ್ಲೂ ಅದನ್ನು ಹುಡುಕಬಹುದು. ವರ್ಷವನ್ನು ಮಾತ್ರ ಬಿಡಬಾರದು, ಪರಿಷ್ಕರಣೆಯಲ್ಲಿ ವಿವರಣೆ ಬದಲಾಗಿರಬಹುದು.

ಮೂಲದಲ್ಲೇ ಇಲ್ಲದ್ದು ಅಪೂರ್ಣವಲ್ಲ

ಪ್ರತಿ ಖಾಲಿ ಜಾಗವೂ ಬರೆದವರ ಲೋಪವಲ್ಲ. ಕೆಲವು ಹಳೆಯ ಕನ್ನಡ ಪುಸ್ತಕಗಳಲ್ಲಿ, ಸಂಘ–ಮಠಗಳ ಕಿರುಹೊತ್ತಿಗೆಗಳಲ್ಲಿ ವರ್ಷ ಮುದ್ರಿತವಾಗಿರುವುದೇ ಇಲ್ಲ. ಆಗ ಜಾಗವನ್ನು ಖಾಲಿ ಬಿಡದೆ ‘ವರ್ಷ ನಮೂದಾಗಿಲ್ಲ’ ಎಂದು ಬರೆಯಬೇಕು. ಇದರಿಂದ ಓದುವವರಿಗೆ ಎರಡು ವಿಷಯ ತಿಳಿಯುತ್ತದೆ. ಬರೆದವರು ಹುಡುಕಿದ್ದಾರೆ, ಮತ್ತು ಪುಸ್ತಕದಲ್ಲಿ ಅದು ಇಲ್ಲ. ಖಾಲಿ ಜಾಗ ಈ ಎರಡನ್ನೂ ಹೇಳುವುದಿಲ್ಲ.

ಹಾಗೆ ಬರೆಯುವ ಮೊದಲು ಮುನ್ನುಡಿಯ ಕೊನೆಯನ್ನು ನೋಡಬೇಕು. ಅಲ್ಲಿ ತಾರೀಖು ಇದ್ದರೆ ‘ಮುನ್ನುಡಿಯ ವರ್ಷ’ ಎಂದು ಸೂಚಿಸಿ ಬರೆಯಬಹುದು. ಸಂವತ್ಸರದ ಹೆಸರು ಮಾತ್ರ ಇದ್ದರೆ ಎಚ್ಚರಿಕೆ ಬೇಕು, ಏಕೆಂದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 2023ರ ಯುಗಾದಿಗೆ ಆರಂಭವಾದ ಶೋಭಕೃತ್ ಸಂವತ್ಸರ 1963ರಲ್ಲೂ ಬಂದಿತ್ತು. ‘ಶೋಭಕೃತ್’ ಎಂದಷ್ಟೇ ಇರುವ ಪುಸ್ತಕದ ವರ್ಷವನ್ನು ಕಾಗದ, ಬೆಲೆ, ಲೇಖಕರ ಕಾಲ ನೋಡಿ ಊಹಿಸಬಹುದು, ಆದರೆ ಊಹೆಯನ್ನು ಊಹೆಯೆಂದೇ ಗುರುತು ಮಾಡಿ ಬರೆಯಬೇಕು.

ಮಕ್ಕಳೊಂದಿಗೆ ಒಂದು ಅವಧಿ

ಪ್ರೌಢಶಾಲೆಯ ಮಕ್ಕಳು ರೂಪಣಾತ್ಮಕ ಮೌಲ್ಯಮಾಪನಕ್ಕೆ ಯೋಜನಾ ಕಾರ್ಯ ಬರೆಯುತ್ತಾರೆ. ಕೊನೆಯ ಪುಟದಲ್ಲಿ ‘ಆಧಾರ: ಪುಸ್ತಕ, ಪೇಪರ್’ ಎಂದಿರುತ್ತದೆ. ಹಳೇ ಹುಬ್ಬಳ್ಳಿಯ ಬೋಧನಾಭ್ಯಾಸದ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ನಾನು ಈ ವಿಷಯವನ್ನು ನಲವತ್ತು ನಿಮಿಷದ ಒಂದು ಅವಧಿಯಲ್ಲಿ ತೆಗೆದುಕೊಂಡ ಕ್ರಮ ಇದು.

ಮೊದಲ ಹತ್ತು ನಿಮಿಷ ಎಲ್ಲರೂ ತಮ್ಮ ವಿಜ್ಞಾನ ಪಠ್ಯಪುಸ್ತಕದ ಮುದ್ರಣ ವಿವರಗಳ ಪುಟವನ್ನು ತೆರೆಯುತ್ತಾರೆ. ಯಾರು, ಯಾವಾಗ, ಏನು, ಎಲ್ಲಿಂದ ಎಂಬ ನಾಲ್ಕು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು ಉತ್ತರವನ್ನು ಆ ಪುಟದಿಂದಲೇ ಹುಡುಕಲು ಹೇಳಬೇಕು. ಇಲ್ಲಿ ಒಂದು ತೊಡಕು ಖಂಡಿತ ಬರುತ್ತದೆ. ‘ಎಲ್ಲಿಂದ’ ಎಂಬುದಕ್ಕೆ ಅನೇಕ ಮಕ್ಕಳು ಮುದ್ರಣಾಲಯದ ಹೆಸರನ್ನು ಬರೆಯುತ್ತಾರೆ. “ಸರ್, ಪುಸ್ತಕ ತಯಾರಾಗಿದ್ದು ಪ್ರೆಸ್ಸಿನ್ಯಾಗ ಅಲ್ರೀ?” ಎಂಬ ಅವರ ಪ್ರಶ್ನೆ ಸಹಜವಾದದ್ದೇ. ಮದುವೆ ಕರೆಯೋಲೆಯ ಉದಾಹರಣೆ ಇದನ್ನು ಬಿಡಿಸುತ್ತದೆ. ಕರೆಯೋಲೆಯ ಕೆಳಗೆ ಪ್ರೆಸ್ಸಿನ ಹೆಸರು ಸಣ್ಣದಾಗಿ ಇರುತ್ತದೆ, ಆದರೆ ಕರೆಯುವವರು ಪ್ರೆಸ್ಸಿನವರಲ್ಲ, ಮನೆಯವರು. ಪುಸ್ತಕವನ್ನು ಹೊರತರುವ ಜವಾಬ್ದಾರಿ ಹೊತ್ತವರು ಪ್ರಕಾಶಕರು, ಅಚ್ಚು ಹಾಕಿಕೊಟ್ಟವರು ಮುದ್ರಕರು.

ಮುಂದಿನ ಇಪ್ಪತ್ತು ನಿಮಿಷ ಐದೈದು ಮಕ್ಕಳ ಗುಂಪು. ಪ್ರತಿ ಗುಂಪಿಗೆ ಶಾಲಾ ಗ್ರಂಥಾಲಯದ ಒಂದು ಪುಸ್ತಕ ಕೊಟ್ಟು, ಅದರ ನಮೂದಿನ ಪ್ರತಿ ಭಾಗವನ್ನು ಒಂದೊಂದು ಚೀಟಿಯ ಮೇಲೆ ಬರೆಸಬೇಕು. ನಂತರ ಗುಂಪಿನವರು ಒಂದು ಚೀಟಿಯನ್ನು ಅಡಗಿಸಿ ಉಳಿದವನ್ನು ಪಕ್ಕದ ಗುಂಪಿಗೆ ದಾಟಿಸುತ್ತಾರೆ. ಆ ಗುಂಪು ಯಾವ ಭಾಗ ಇಲ್ಲ ಎಂದಷ್ಟೇ ಹೇಳಿದರೆ ಸಾಲದು, ಅದು ಇಲ್ಲದಿದ್ದರೆ ಯಾವ ಎರಡು ಪುಸ್ತಕಗಳ ನಡುವೆ ಗೊಂದಲ ಆಗಬಹುದು ಎಂದೂ ಹೇಳಬೇಕು. ಎರಡನೆಯ ಭಾಗವೇ ಈ ಚಟುವಟಿಕೆಯ ತಿರುಳು. ಭಾಗಗಳ ಹೆಸರನ್ನು ಬಾಯಿಪಾಠ ಮಾಡಿದ ಮಗು ಮೊದಲನೆಯದಕ್ಕೆ ಉತ್ತರಿಸುತ್ತದೆ, ಭಾಗದ ಕೆಲಸ ಅರ್ಥವಾದ ಮಗು ಮಾತ್ರ ಎರಡನೆಯದಕ್ಕೆ ಉತ್ತರಿಸುತ್ತದೆ.

ಕೊನೆಯ ಹತ್ತು ನಿಮಿಷ ಪ್ರತಿಯೊಬ್ಬರೂ ತಮ್ಮ ಯೋಜನಾ ಕಾರ್ಯದ ‘ಆಧಾರ’ ಸಾಲನ್ನು ತಿದ್ದುತ್ತಾರೆ. ‘ಪೇಪರ್’ ಎಂಬುದು ಪತ್ರಿಕೆಯ ಹೆಸರು, ತಾರೀಖು, ವರದಿಯ ಶೀರ್ಷಿಕೆ ಮತ್ತು ಪುಟಕ್ಕೆ ಬಿಡಿಸಿಕೊಳ್ಳುತ್ತದೆ. ದಿನಪತ್ರಿಕೆಗೆ ವರ್ಷ ಸಾಲದು, ದಿನವೂ ಬೇಕು. ಊರಿಂದ ಊರಿಗೆ ಆವೃತ್ತಿ ಬದಲಾಗುವುದರಿಂದ ‘ಹುಬ್ಬಳ್ಳಿ ಆವೃತ್ತಿ’ ಎಂದು ಸೇರಿಸುವುದೂ ಉಚಿತ, ಸ್ಥಳೀಯ ಸುದ್ದಿಯ ಪುಟ ಬೇರೆ ಊರಿನ ಪ್ರತಿಯಲ್ಲಿ ಇರದಿರಬಹುದು.

ಮೌಲ್ಯಮಾಪನಕ್ಕೆ ಪ್ರತ್ಯೇಕ ಪ್ರಶ್ನೆಪತ್ರಿಕೆ ಬೇಕಿಲ್ಲ. ಒಬ್ಬ ವಿದ್ಯಾರ್ಥಿ ತಿದ್ದಿದ ಸಾಲನ್ನು ಇನ್ನೊಬ್ಬನ ಕೈಗೆ ಕೊಟ್ಟು ಗ್ರಂಥಾಲಯದ ಮೇಜಿನಿಂದ ಆ ಪುಸ್ತಕ ತರಲು ಹೇಳಿದರೆ ಸಾಕು. ಯಾರನ್ನೂ ಏನನ್ನೂ ಕೇಳದೆ ಸರಿಯಾದ ಪುಸ್ತಕ ತಂದರೆ ನಮೂದು ಪೂರ್ಣ. ‘ಇದ್ರಾಗ ಯಾವುದು?’ ಎಂದು ಕೇಳಲು ಹಿಂದಿರುಗಿದರೆ, ಬಿಟ್ಟುಹೋದ ಭಾಗ ಯಾವುದು ಎಂಬುದನ್ನು ಆ ಪ್ರಶ್ನೆಯೇ ತೋರಿಸಿಕೊಡುತ್ತದೆ. ನಮ್ಮ ಪಾಠಯೋಜನೆಗಳ ಕೊನೆಯ ಅಂಕಣವನ್ನೂ ಸಹಪಾಠಿಗಳು ಪರಸ್ಪರ ಬದಲಾಯಿಸಿಕೊಂಡು ಇದೇ ರೀತಿ ಪರೀಕ್ಷಿಸಬಹುದು.